‘ಮನಿಷ್ಯಾರು ಯಾರರ ಅದೀರೇನ್ರೀ?’

ಓದು ಮುಗಿಸಿದ ಮೇಲೆ ನಾವು ಮೂವರು ಸೇರಿದ್ದು ಪತ್ರಿಕೆಗಲ್ಲ, ಒಂದು ರೈತ ಉತ್ಪಾದಕರ ಕಂಪನಿಗೆ. ಕೆಲಸದ ಹೆಸರು ‘ವಿಷಯ ತಯಾರಿ’. ಕಂಪನಿಯ ವಾಟ್ಸಾಪ್ ನಂಬರಿಗೆ ರೈತರು ಸಂದೇಶ ಕಳಿಸಿದರೆ ಯಂತ್ರ ತಾನಾಗಿಯೇ ಉತ್ತರ ಕೊಡುತ್ತದೆ. ಬೀಜದ ದರಕ್ಕೆ 1 ಒತ್ತಿ, ಮಾರುಕಟ್ಟೆ ದರಕ್ಕೆ 2 ಒತ್ತಿ, ಬೆಳೆ ವಿಮೆಗೆ 3 ಒತ್ತಿ, ಹೀಗೆ. ಆ ಉತ್ತರಗಳನ್ನು ಕನ್ನಡದಲ್ಲಿ ಬರೆಯುವುದು ನಮ್ಮ ಪಾಲು. ಯಂತ್ರಕ್ಕೆ ಸುಮಾ ಅಂತ ಹೆಸರಿಟ್ಟವರೂ ನಾವೇ. ಹಸಿರು ಸೀರೆಯ ಹೆಣ್ಣುಮಗಳ ಒಂದು ಚಿತ್ರ ಹುಡುಕಿ ಹಾಕಿದೆವು. ಹಳ್ಳಿ ಜನರಿಗೆ ಆಪ್ತವಾಗಲಿ ಅನ್ನೋದು ಉದ್ದೇಶ. ಕಾಲೇಜಿನಲ್ಲಿ ಕಲಿತ ‘ಓದುಗರಿಗೆ ಹತ್ತಿರವಾಗುವ ಭಾಷೆ’ಯನ್ನೆಲ್ಲ ಅದರ ಬಾಯಿಗೆ ತುಂಬಿದ್ದೆವು.

ಆ ನಂಬರಿಗೆ ಬರುವ ಮೊದಲ ಸಂದೇಶ ಸಾಮಾನ್ಯವಾಗಿ ‘ಹಾಯ್’, ‘ನಮಸ್ಕಾರ ಸರ್’, ಇಲ್ಲವೇ ಕೈಮುಗಿದ ಚಿತ್ರ. ಕೆಲವರು ಮಾತ್ರ ಅದ್ಯಾವುದೂ ಇಲ್ಲದೆ ನೇರವಾಗಿ ಶುರುಮಾಡುತ್ತಾರೆ: ‘ಮನುಷ್ಯರ ಜತೆ ಮಾತಾಡ್ಬೇಕು’, ‘ಯಾರಾದ್ರೂ ಇದ್ದೀರಾ?’ ಇಂಥವರಿಗಾಗಿ ನಾವು ಒಂದು ಸಾಲು ಬರೆದಿಟ್ಟಿದ್ದೆವು: ‘ನಮ್ಮ ಪ್ರತಿನಿಧಿ ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸುತ್ತಾರೆ. ಧನ್ಯವಾದಗಳು. ಇಂತಿ, ಸುಮಾ.’ ಬರೆಯೋಕೆ ಎರಡು ನಿಮಿಷ ಹಿಡಿದಿತ್ತು. ಅದರ ಬಗ್ಗೆ ಮತ್ತೆ ಯೋಚಿಸಲಿಲ್ಲ.

ಒಂದು ಅಕ್ಟೋಬರ್. ಗುರುವಾರ ಸಂಜೆ ಐದೂವರೆಗೆ ಆಫೀಸಿನ ಬಾಗಿಲು ಹಾಕಿದೆವು. ಮರುದಿನ ಆಯುಧಪೂಜೆ, ಶನಿವಾರ ವಿಜಯದಶಮಿ, ಆಮೇಲೆ ಭಾನುವಾರ. ಹೊರಡುವ ಮುಂಚೆಯೇ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಕೀಬೋರ್ಡ್ ಮೇಲೆ ಎರಡು ಸೇವಂತಿಗೆ ಇಟ್ಟು, ಬೂದಗುಂಬಳ ಒಡೆದು ಬಂದಿದ್ದೆವು. ಅವತ್ತು ಮಧ್ಯಾಹ್ನ ನಾಲ್ಕರ ಸುಮಾರಿಗೆ ನಮ್ಮ ತಾಲೂಕಿನ ಪೂರ್ವದ ಹಳ್ಳಿಗಳಲ್ಲಿ ಜೋರು ಮಳೆ ಬಿದ್ದಿತ್ತು. ಶೇಂಗಾ ಕಿತ್ತು ಹೊಲದಲ್ಲೇ ಹರವಿದ್ದ ಕಾಲ ಅದು.

ಸಂಜೆ 7 ಗಂಟೆ 40 ನಿಮಿಷಕ್ಕೆ ಒಬ್ಬ ರೈತರು ಆ ನಂಬರಿಗೆ ಮೊದಲ ಸಲ ಬರೆದರು: ‘ಮನಿಷ್ಯಾರು ಯಾರರ ಅದೀರೇನ್ರೀ?’

ಸುಮಾ ತಕ್ಷಣ ಉತ್ತರಿಸಿದಳು. ನಮ್ಮ ಪ್ರತಿನಿಧಿ ಶೀಘ್ರದಲ್ಲೇ ನಿಮ್ಮನ್ನು ಸಂಪರ್ಕಿಸುತ್ತಾರೆ.

ಶುಕ್ರವಾರ ಬೆಳಿಗ್ಗೆ ಅವರು ‘ಮೇಡಂ’ ಅಂತಷ್ಟೇ ಬರೆದರು. ಅದೇ ಉತ್ತರ ಹೋಯಿತು. ರಾತ್ರಿ ಒಂಬತ್ತಕ್ಕೆ ‘ಸುಮಾ ಮೇಡಂ ಫೋನ್ ಮಾಡ್ರಿ ಬೆಳಿ ಹೋಗೇತಿ’ ಅಂದರು. ಮತ್ತೆ ಅದೇ ಉತ್ತರ. ಆಮೇಲೆ ಅವರು ಏನೂ ಬರೆಯಲಿಲ್ಲ.

ಸೋಮವಾರ ಹತ್ತಕ್ಕೆ ಬಂದು ನೋಡಿದಾಗ ಮೊದಲು ಹೊಳೆದಿದ್ದು ಲೆಕ್ಕ. ಫಸಲ್ ಬಿಮಾ ಯೋಜನೆಯಲ್ಲಿ, ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನದವರೆಗೆ ಅಕಾಲಿಕ ಮಳೆಯ ರಕ್ಷಣೆ ಉಂಟು. ಆದರೆ ಹಾನಿಯಾದ 72 ಗಂಟೆಯೊಳಗೆ ತಿಳಿಸಬೇಕು. ಗುರುವಾರ ನಾಲ್ಕಕ್ಕೆ ಬಿದ್ದ ಮಳೆಯ ಗಡುವು ಭಾನುವಾರ ನಾಲ್ಕಕ್ಕೆ ಮುಗಿದಿತ್ತು. ನಾವು ಕುರ್ಚಿಯಲ್ಲಿ ಕೂತಾಗ ಅದಕ್ಕೆ ಹದಿನೆಂಟು ಗಂಟೆ ತಡವಾಗಿತ್ತು.

ಗಾಬರಿಯಲ್ಲಿ ವಾಟ್ಸಾಪಿನಲ್ಲೇ ಬರೆಯಲು ಹೋದರೆ ಸಂದೇಶ ಹೋಗಲಿಲ್ಲ. ಕಂಪನಿಗಳು ಬಳಸುವ ಈ ಬಗೆಯ ವಾಟ್ಸಾಪಿಗೆ ಒಂದು ನಿಯಮವಿದೆ. ಗ್ರಾಹಕರು ಕೊನೆಯ ಸಲ ಬರೆದ 24 ಗಂಟೆಯೊಳಗೆ ಮಾತ್ರ ನಾವು ನಮ್ಮ ಮಾತಿನಲ್ಲಿ ಉತ್ತರಿಸಬಹುದು. ಆಮೇಲೆ ಮೊದಲೇ ಒಪ್ಪಿಗೆ ಪಡೆದ ಸಿದ್ಧ ಸಂದೇಶಗಳು ಮಾತ್ರ ಹೋಗುತ್ತವೆ. ನಮ್ಮ ಹತ್ತಿರ ಇದ್ದ ಸಿದ್ಧ ಸಂದೇಶ ಬಿತ್ತನೆ ಬೀಜದ ಜಾಹೀರಾತು ಒಂದೇ. ಹೀಗಾಗಿ ಫೋನ್ ಹಚ್ಚಿದೆವು.

ಅವರು ಬೈಯಲಿಲ್ಲ. ‘ಫೋನ್ ಮಾಡ್ತೀವಿ ಅಂತ ನೀವ ಹೇಳಿದ್ರೆಲ್ಲ, ಅದಕ್ಕ ಕುಂತಿದ್ದೆ’ ಅಂದರು. ಒಂದಿಷ್ಟು ಹೊತ್ತು ಬಿಟ್ಟು, ‘ಸುಮಾ ಮೇಡಂ ರಜಾದಾಗ ಇದ್ರೇನ್ರೀ?’ ಅಂತ ಕೇಳಿದರು. ನಮ್ಮಲ್ಲಿ ಫೋನ್ ಹಿಡಿದಿದ್ದವಳು ‘ಹೂಂ ಕಾಕಾ’ ಅಂದುಬಿಟ್ಟಳು. ಆ ಸುಳ್ಳನ್ನು ಮರುದಿನ ಅವರ ಹೊಲಕ್ಕೆ ಹೋದಾಗ ಬಿಡಿಸಿ ಹೇಳಿದೆವು. ಶೇಂಗಾ ಕರ್ರಗಾಗಿತ್ತು, ಕೆಲವು ಕಾಯಿ ಅಲ್ಲೇ ಮೊಳಕೆ ಒಡೆದಿತ್ತು. ಸುಮಾ ಅನ್ನೋರು ಇಲ್ಲವೇ ಇಲ್ಲ, ಅದು ಮಷೀನ್ ಅಂದಾಗ ಅವರು ಸ್ವಲ್ಪ ಹೊತ್ತು ನಮ್ಮ ಮುಖ ನೋಡಿ, ‘ಹಂಗಾರ ಮೊದ್ಲ ಹೇಳಬೇಕಿತ್ತು, ಬ್ಯಾರೆ ಕಡೆ ಹಚ್ಚತಿದ್ದೆ’ ಅಂದರು.

ಅವರಿಗೆ ಬೇರೆ ದಾರಿ ನಿಜವಾಗಿಯೂ ಇತ್ತು. ಬ್ಯಾಂಕು, ರೈತ ಸಂಪರ್ಕ ಕೇಂದ್ರ ಆ ಮೂರು ದಿನ ಮುಚ್ಚಿದ್ದವು ಸರಿ. ಆದರೆ ವಿಮೆಯ ಸಹಾಯವಾಣಿ 14447 ಇತ್ತು, ಬೆಳೆ ವಿಮೆಯ ಆ್ಯಪ್ ಇತ್ತು. ಅವರ ಮಗನ ಫೋನಿನಲ್ಲಿ ಆ ಆ್ಯಪ್ ಹಾಕಿಕೊಳ್ಳುವಷ್ಟು ಜಾಗವೂ ಇತ್ತು. ‘ಇಲ್ಲಿ ಯಾರೂ ಇಲ್ಲ’ ಅಂತ ಒಂದು ಮಾತು ಹೇಳಿದ್ದರೆ ಅವರು ಗುರುವಾರ ರಾತ್ರಿಯೇ ಅತ್ತ ತಿರುಗುತ್ತಿದ್ದರು. ನಾವು ಬರೆದ ಸಾಲು ಅವರನ್ನು ಕಾಯುವ ಹಾಗೆ ಮಾಡಿತು. ಪಂಚಾಯಿತಿ ಅಥವಾ ಹೋಬಳಿ ಮಟ್ಟದ ಬೆಳೆ ಕಟಾವು ಪ್ರಯೋಗದಲ್ಲಿ ಇಳುವರಿ ಕಡಿಮೆ ಬಂದರೆ ಆ ಲೆಕ್ಕದ ಪರಿಹಾರ ಬೇರೆ, ಅದಕ್ಕೆ ಯಾರೂ ಫೋನ್ ಮಾಡಬೇಕಿಲ್ಲ. ಆದರೆ ಕೊಯ್ದಿಟ್ಟ ಬೆಳೆ ನೆನೆದ ಅವರೊಬ್ಬರ ನಷ್ಟ ಆ ಪ್ರಯೋಗದ ಲೆಕ್ಕಕ್ಕೆ ಬರುವುದಿಲ್ಲ.

ವಾಪಸು ಬಂದು ಆ ತಿಂಗಳ ವರದಿ ತೆಗೆದು ನೋಡಿದೆವು. ಅವರ ಸಂವಾದ ‘ಪರಿಹಾರವಾಗಿದೆ’ ಅನ್ನೋ ಪಟ್ಟಿಯಲ್ಲಿತ್ತು! ಸಾಫ್ಟ್‌ವೇರ್ ಮಾಡಿಕೊಟ್ಟ ಹುಡುಗನಿಗೆ ಕೇಳಿದರೆ, ‘24 ಗಂಟೆ ಗ್ರಾಹಕರು ಸುಮ್ಮನಿದ್ದರೆ ತಾನಾಗಿ ಕ್ಲೋಸ್ ಆಗುತ್ತೆ’ ಅಂದ. ಯಾವ ಸಿಬ್ಬಂದಿಯೂ ಮುಟ್ಟದೆ ಮುಚ್ಚಿದ್ದೆಲ್ಲ ಯಂತ್ರದ ಯಶಸ್ಸು ಅಂತ ಎಣಿಕೆಯಾಗುತ್ತದೆ. ಬೇಸತ್ತು ಬಿಟ್ಟುಹೋದವರೂ ಉತ್ತರ ಸಿಕ್ಕಿ ಹೋದವರೂ ಒಂದೇ ಕಾಲಮ್ಮಿನಲ್ಲಿ. ಆಡಳಿತ ಮಂಡಳಿಯ ಸಭೆಯಲ್ಲಿ ಆ ಕಾಲಮ್ಮಿನ ಸಂಖ್ಯೆಗೆ ನಾವೂ ಚಪ್ಪಾಳೆ ತಟ್ಟಿದ್ದೆವು. ಇಂಥ ಸೇವೆ ನಡೆಸುವ ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ವರದಿಯಲ್ಲಿ ‘ಮನುಷ್ಯರು ಬೇಕು’ ಅಂತ ಕೇಳಿ ಆಮೇಲೆ ಮೌನವಾದವರನ್ನು ಬೇರೆ ತೆಗೆದು ಎಣಿಸಿ ನೋಡಿ. ನಾವು ಹಾಗೆ ತೆಗೆದು, ಒಬ್ಬೊಬ್ಬರ ಸಂವಾದ ಓದುತ್ತ ಕೂತೆವು.

ಓದಿದಾಗ ಗೊತ್ತಾದದ್ದು, ಮೊದಲ ಮಾತಿನಲ್ಲೇ ಮನುಷ್ಯರನ್ನು ಕೇಳುವವರು ಹೊಸಬರಲ್ಲ. ನಮ್ಮ ನಂಬರಿಗೆ ಹೊಸಬರು, ಅಷ್ಟೆ. ಅದಕ್ಕೂ ಮುಂಚೆ ಅವರು ಇನ್ನೆಲ್ಲೋ 1 ಒತ್ತಿ, 2 ಒತ್ತಿ, ಹಿಂದಿಯಲ್ಲಿ ಏನೋ ಕೇಳಿಸಿಕೊಂಡು, ಹಾಡು ಕೇಳಿ, ಫೋನ್ ಕಡಿದು ಬಂದಿರುತ್ತಾರೆ. ಕೆಲವರಿಗೆ ಟೈಪ್ ಮಾಡಲು ಬರುವುದಿಲ್ಲ, ಮಕ್ಕಳಿಂದ ಒಂದು ಸಾಲು ಬರೆಸಿರುತ್ತಾರೆ. ಆ ಒಂದು ಸಾಲಿನಲ್ಲಿ ಏನು ಕೇಳಬೇಕು? ಸಮಸ್ಯೆಯನ್ನೆಲ್ಲ ಬರೆಸುವುದಕ್ಕಿಂತ ಮಾತಾಡುವವರನ್ನು ಕೇಳುವುದೇ ಸರಿ ಅಂತ ಅವರ ಲೆಕ್ಕ. ಇನ್ನು ಕೆಲವರ ವಿಷಯ ಯಾವ ಅಂಕಿಗೂ ಹೊಂದುವುದಿಲ್ಲ. ಅಪ್ಪ ತೀರಿಕೊಂಡಿದ್ದಾರೆ, ಪಹಣಿ ಇನ್ನೂ ಅವರ ಹೆಸರಲ್ಲಿದೆ, ಷೇರು ಯಾರ ಹೆಸರಿಗೆ? ಇದಕ್ಕೆ ಯಾವ ಗುಂಡಿ ಒತ್ತೋದು?

ಸಾಫ್ಟ್‌ವೇರ್ ಹುಡುಗನ ಸಲಹೆ ಬೇರೆ ಇತ್ತು. ‘ಮನುಷ್ಯರು ಬೇಕು ಅಂದ ಕೂಡಲೇ ಕೊಡಬೇಡಿ. ಮೊದಲು “ನಿಮ್ಮ ಸಮಸ್ಯೆ ಏನು?” ಅಂತ ಕೇಳಿ. ಅರ್ಧ ಜನರಿಗೆ ಯಂತ್ರವೇ ಉತ್ತರ ಕೊಟ್ಟುಬಿಡುತ್ತೆ.’ ಅವನ ಮಾತು ಪೂರ್ತಿ ತಪ್ಪಲ್ಲ. ಮಾರುಕಟ್ಟೆ ದರ ಕೇಳಲು ಮನುಷ್ಯರು ಬೇಕಿಲ್ಲ, ನಮಗಿಂತ ಯಂತ್ರವೇ ಬೇಗ ಹೇಳುತ್ತದೆ. ಆದರೆ ಒಬ್ಬರು ‘ಮನೆಯಲ್ಲಿ ಯಾರಿದ್ದೀರಿ?’ ಅಂತ ಬಾಗಿಲಲ್ಲಿ ನಿಂತು ಕೂಗಿದಾಗ ಒಳಗಿಂದ ‘ಏನು ಕೆಲಸ?’ ಅಂತ ಮರುಪ್ರಶ್ನೆ ಬಂದರೆ ಒಳಗೆ ಯಾರೋ ಇದ್ದಾರೆ ಅಂತಲೇ ಅರ್ಥ ಅಲ್ಲವೇ? ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಪ್ರಶ್ನೆ ಕೇಳುವುದೇ ಅಲ್ಲಿ ಸುಳ್ಳಾಗುತ್ತದೆ. ಹಾಗಾಗಿ ಮೊದಲ ಸಾಲು ಉತ್ತರ, ಪ್ರಶ್ನೆ ಏನಿದ್ದರೂ ಆಮೇಲೆ ಅಂತ ಗಟ್ಟಿ ಹಿಡಿದೆವು. ವಾಟ್ಸಾಪಿನ ಸ್ವಂತ ನಿಯಮದಲ್ಲೂ, ತಾನಾಗಿ ಉತ್ತರಿಸುವ ಯಂತ್ರ ಇಟ್ಟವರು ಮನುಷ್ಯರನ್ನು ತಲುಪುವ ಸ್ಪಷ್ಟ ದಾರಿ ಕೊಡಲೇಬೇಕು ಅಂತಿದೆ. ಅದನ್ನು ತೋರಿಸಿದ ಮೇಲೆ ಹುಡುಗ ವಾದ ನಿಲ್ಲಿಸಿದ.

ಈಗ ಆಫೀಸು ಮುಚ್ಚಿದ ಹೊತ್ತಿನಲ್ಲಿ ಯಾರಾದರೂ ಮನುಷ್ಯರನ್ನು ಕೇಳಿದರೆ ಹೋಗುವ ಉತ್ತರ ಇದು:

‘ಇದು ತಾನೇ ಉತ್ತರ ಕಳಿಸುವ ಯಂತ್ರ. ಈಗ ಇಲ್ಲಿ ಮನುಷ್ಯರು ಯಾರೂ ಇಲ್ಲ. ನಾವು ಸೋಮವಾರ ಬೆಳಿಗ್ಗೆ 10 ಗಂಟೆಗೆ ಬರುತ್ತೇವೆ, ನಿಮ್ಮ ಸಂದೇಶ ಓದಿ ಮಧ್ಯಾಹ್ನ 1ರೊಳಗೆ ಇದೇ ನಂಬರಿಗೆ ಫೋನ್ ಮಾಡುತ್ತೇವೆ. ಮಳೆಯಿಂದ ಬೆಳೆ ಹಾಳಾಗಿದ್ದರೆ ನಮಗಾಗಿ ಕಾಯಬೇಡಿ. ಹಾನಿಯಾದ 72 ಗಂಟೆಯೊಳಗೆ ವಿಮೆಯವರಿಗೆ ತಿಳಿಸಬೇಕು: 14447. ವಿಮೆ ಅರ್ಜಿ ಸಂಖ್ಯೆ, ಸರ್ವೆ ನಂಬರ್ ಕೈಯಲ್ಲಿರಲಿ.’

ಇದನ್ನು ಬರೆಯಲು ಎರಡು ವಾರ ಹಿಡಿಯಿತು. ‘ಈಗ ಇಲ್ಲಿ ಮನುಷ್ಯರು ಯಾರೂ ಇಲ್ಲ’ ಅನ್ನೋ ಸಾಲಿಗೆ ಮೇಲಿನವರು ಒಪ್ಪಲು ಒಂದು ವಾರ. ಕಂಪನಿಯ ಮರ್ಯಾದೆಯ ಪ್ರಶ್ನೆಯಂತೆ. ‘ಪ್ರಸ್ತುತ ನಮ್ಮ ಸಿಬ್ಬಂದಿ ಲಭ್ಯವಿರುವುದಿಲ್ಲ’ ಅಂತ ಮಾಡಿ ಅಂದರು. ‘ಲಭ್ಯವಿರುವುದಿಲ್ಲ’ ಅಂದರೆ ಪಕ್ಕದ ರೂಮಿನಲ್ಲಿ ಚಹಾ ಕುಡಿಯುತ್ತಿದ್ದಾರೆ ಅಂತಲೂ ಆಗುತ್ತೆ, ಜನ ಹತ್ತು ನಿಮಿಷ ಬಿಟ್ಟು ಮತ್ತೆ ನೋಡುತ್ತಾರೆ ಅಂತ ವಾದಿಸಿದೆವು. ‘ಸೋಮವಾರ’ ಅನ್ನೋ ಪದಕ್ಕೆ ಇನ್ನೊಂದು ವಾರ. ಅದು ರಜೆ ನೋಡಿ ಬದಲಾಗಬೇಕು, ಯಂತ್ರಕ್ಕೆ ನಮ್ಮ ಹಬ್ಬದ ಪಟ್ಟಿ ಗೊತ್ತಿಲ್ಲ. ಈಗ ಬಾಗಿಲು ಹಾಕುವ ಮೊದಲು ನಮ್ಮಲ್ಲೊಬ್ಬರು ಕೈಯಾರೆ ದಿನ ತಿದ್ದಿ ಹೋಗುತ್ತೇವೆ. ಒಂದು ಸಲ ಮರೆತು ಬುಧವಾರದ ರಾತ್ರಿ ‘ಸೋಮವಾರ ಬರುತ್ತೇವೆ’ ಅಂತ ಹೋಗಿತ್ತು. ಗುರುವಾರ ಬೆಳಿಗ್ಗೆ ಫೋನ್ ಮಾಡಿದಾಗ ಒಬ್ಬರು ‘ಏನ್ರೀ ಲಗೂನ ಬಂದೀರಿ’ ಅಂದರು. ಕೊಟ್ಟ ನಂಬರ್ ಚಾಲ್ತಿಯಲ್ಲಿದೆಯೋ ಇಲ್ಲವೋ ಅಂತ ತಿಂಗಳಿಗೊಮ್ಮೆ ನಾವೇ ಹಚ್ಚಿ ನೋಡುವ ರೂಢಿಯೂ ಆಗಿದೆ.

ಹಗಲಿನ ಉತ್ತರ ಬೇರೆ. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಇಬ್ಬರು ಕೂತಿರುತ್ತೇವೆ. ಆಗ ಯಂತ್ರ ‘ಮನುಷ್ಯರು ಇದ್ದೇವೆ, ನಿಮಗಿಂತ ಮುಂದೆ 4 ಜನ ಇದ್ದಾರೆ’ ಅಂತ ನಿಜವಾದ ಸಂಖ್ಯೆ ಹೇಳುತ್ತದೆ. ‘ಶೀಘ್ರ’ ಅನ್ನೋ ಪದವನ್ನು ಎಲ್ಲ ಉತ್ತರಗಳಿಂದ ತೆಗೆದೆವು. ಅದರ ಜತೆ ಇನ್ನೊಂದು ಸಾಲು ಸೇರಿಸಿದೆವು: ‘ನಾವು ಕೃಷಿ ಅಧಿಕಾರಿಗಳಲ್ಲ, ಕಂಪನಿಯ ಸಿಬ್ಬಂದಿ.’ ಇದು ಯಾಕೆ ಬೇಕಾಯಿತು ಅಂದರೆ, ಮನುಷ್ಯರು ಬೇಕು ಅನ್ನುವವರಲ್ಲಿ ಬಹಳ ಜನಕ್ಕೆ ಬೇಕಾದ್ದು ಬರೀ ಮನುಷ್ಯರಲ್ಲ, ಕೈಯಲ್ಲಿ ಅಧಿಕಾರ ಇರುವ ಮನುಷ್ಯರು. ನಾವು ಫೋನಿಗೆ ಸಿಕ್ಕಿ, ಪೂರ್ತಿ ಕಥೆ ಕೇಳಿ, ಕೊನೆಗೆ ‘ಅದು ನಮ್ಮ ಕೈಲಿಲ್ಲ’ ಅಂದರೆ ಯಂತ್ರಕ್ಕಿಂತ ಹೆಚ್ಚು ಸಿಟ್ಟು ನಮ್ಮ ಮೇಲೆ ಬರುತ್ತದೆ, ಬರಬೇಕಾದದ್ದೇ.

ಅವರು ಮನುಷ್ಯರನ್ನು ಕೇಳುತ್ತಿದ್ದಾರೆ ಅಂತ ಯಂತ್ರಕ್ಕೆ ತಿಳಿಯುವುದಾದರೂ ಹೇಗೆ? ನಮ್ಮದು ದೊಡ್ಡ ಬುದ್ಧಿಯ ಯಂತ್ರವಲ್ಲ, ಪದ ನೋಡಿ ಗುರುತಿಸುವಂಥದು. ಮೊದಲು ‘ಮನುಷ್ಯ’ ಅಂತ ಒಂದೇ ಪದ ಕೊಟ್ಟಿದ್ದೆವು. ‘ಮನುಷ್ಯರು’, ‘ಮನುಷ್ಯರ ಜತೆ’ ಎಲ್ಲ ಅದರಲ್ಲೇ ಸಿಕ್ಕಿಬೀಳುತ್ತವೆ. ಆದರೆ ‘ಮನಿಷ್ಯಾರು’ ಸಿಗುವುದಿಲ್ಲ. ದಸರೆಯ ಆ ಸಂದೇಶಕ್ಕೆ ಉತ್ತರ ಹೋದದ್ದು ‘ಯಾರರ’ ಅನ್ನೋ ಪದ ಪಟ್ಟಿಯಲ್ಲಿ ಇದ್ದಿದ್ದರಿಂದ. ಹಳೆಯ ಸಂವಾದಗಳನ್ನು ಓದಿದಾಗ, ‘ಮನುಷ್ಯ’ ಅನ್ನೋ ಪದ ಬಳಸುವವರೇ ಕಡಿಮೆ ಅಂತ ಕಂಡಿತು. ‘ಸಾಹೇಬ್ರ ನಂಬರ್ ಕೊಡ್ರಿ’, ‘ಮೇಡಂ ಅವರಿಗೆ ಕೊಡಿ’, ‘ಕಾಲ್ ಮಾಡ್ರಿ’, ‘ಮಾತಾಡೋದಿತ್ತು’ ಅಂತಲೇ ಹೆಚ್ಚು. ಬರೀ ಧ್ವನಿ ಸಂದೇಶ ಕಳಿಸಿದವರನ್ನು ಯಂತ್ರ ಓದಲಾರದು. ಅವರನ್ನೆಲ್ಲ ಮನುಷ್ಯರನ್ನು ಕೇಳಿದವರು ಅಂತಲೇ ಹಿಡಿದೆವು.

ತಪ್ಪಾಗಿ ಹಿಡಿಯುವುದೂ ಉಂಟು. ‘ಆಳು’ ಅನ್ನೋ ಪದ ಸೇರಿಸಿದ ವಾರವೇ ಒಬ್ಬರು ‘ಶೇಂಗಾ ಕೀಳಾಕ ಆಳು ಬೇಕ್ರಿ’ ಅಂತ ಬರೆದರು. ಯಂತ್ರ ‘ಈಗ ಇಲ್ಲಿ ಮನುಷ್ಯರು ಯಾರೂ ಇಲ್ಲ’ ಅಂದಿತು. ನಮ್ಮ ಭಾಗದ ಆಳಿನ ಪರಿಸ್ಥಿತಿಗೆ ಅದಕ್ಕಿಂತ ಸರಿಯಾದ ಉತ್ತರ ಇರಲಿಕ್ಕಿಲ್ಲ, ಆದರೂ ಪದ ತೆಗೆದೆವು. ಇನ್ನೊಬ್ಬರು ಕಳೆನಾಶಕದ ಬಗ್ಗೆ ‘ಇದು ಮನುಷ್ಯರಿಗೆ ಹಾನಿ ಏನ್ರೀ’ ಅಂತ ಕೇಳಿದ್ದು ನಮ್ಮ ಹತ್ತಿರ ಬಂತು. ಅದು ಬಂದದ್ದೇ ಒಳ್ಳೆಯದಾಯಿತು. ಔಷಧ ಹೊಡೆದ ಮಗನಿಗೆ ವಾಂತಿ ಶುರುವಾಗಿದೆ ಅಂತ ಫೋನ್ ಮಾಡಿದ ಮೇಲೆ ತಿಳಿಯಿತು, ಡಬ್ಬಿ ಸಮೇತ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಹೇಳಿದೆವು. ಅವತ್ತಿನಿಂದ ಅನುಮಾನ ಬಂದರೆ ಮನುಷ್ಯರ ಕಡೆಗೇ ಕಳಿಸಬೇಕು ಅನ್ನೋದನ್ನು ಯಾರೂ ಪ್ರಶ್ನಿಸಿಲ್ಲ.

ಮನುಷ್ಯರು ಬಂದ ಮೇಲೂ ತೊಂದರೆ ಮುಗಿಯಲಿಲ್ಲ. ಒಮ್ಮೆ ನಮ್ಮಲ್ಲೊಬ್ಬ ಒಬ್ಬ ಹಿರಿಯರ ಜತೆ ಬರೆಯುತ್ತ, ದಾಖಲೆ ಹುಡುಕಲು ಅರ್ಧ ಗಂಟೆ ಎದ್ದುಹೋಗಿದ್ದ. ಮಾತು ನಿಂತಿದೆ ಅಂತ ತಿಳಿದು ಯಂತ್ರ ನಡುವೆ ಬಾಯಿ ಹಾಕಿತು: ‘ನಮಸ್ಕಾರ! ನಾನು ಸುಮಾ.’ ಹಿರಿಯರು ಅಲ್ಲಿಯವರೆಗೆ ಮಾತಾಡಿದ್ದನ್ನೂ ನಂಬದೆ ಹೋದರು. ಈಗ ಮನುಷ್ಯರು ಕೈಗೆತ್ತಿಕೊಂಡ ಸಂವಾದದಲ್ಲಿ ನಾವೇ ಮುಗಿಸುವವರೆಗೆ ಯಂತ್ರ ಬಾಯಿಬಿಡುವುದಿಲ್ಲ. ಸುಮಾಳನ್ನೂ, ಆ ಹಸಿರು ಸೀರೆಯ ಚಿತ್ರವನ್ನೂ ತೆಗೆದಾಗಿದೆ.

ಇನ್ನೊಂದು ನಮ್ಮದೇ ಸೋಮಾರಿತನ. ಬೇಗ ಮುಗಿಯಲಿ ಅಂತ ಬರೆದಿಟ್ಟ ಉತ್ತರಗಳನ್ನೇ ಅಂಟಿಸುತ್ತಿದ್ದೆವು. ‘ಮಾನ್ಯ ರೈತ ಬಾಂಧವರೇ’ ಅಂತ ಶುರುವಾಗುವಂಥವು. ಒಬ್ಬರು ಬರೆದರು, ‘ಮತ್ತ ಮಷೀನ ಹತ್ತೇತಿ ಬಿಡ್ರಿ.’ ಬರೆದದ್ದು ಮನುಷ್ಯರೇ ಆದರೂ ಅವರು ಹೇಳಿದ್ದು ಸರಿಯೇ ಇತ್ತು. ಈಗ ಯಾರು ಕೂತಿರುತ್ತೇವೋ ಅವರ ಹೆಸರು ಹೇಳಿ ಶುರುಮಾಡುತ್ತೇವೆ. ‘ಖರೇನ ಮನಿಷ್ಯಾರೇನು?’ ಅಂತ ಕೇಳಿದರೆ ಬರೆಯುವುದಿಲ್ಲ, ಒಂದು ಧ್ವನಿ ಸಂದೇಶ ಕಳಿಸುತ್ತೇವೆ. ಹಿಂದೆ ರಸ್ತೆಯ ಟ್ರ್ಯಾಕ್ಟರ್ ಸದ್ದು ಕೇಳಿಸಿದರೆ ಹೆಚ್ಚು ನಂಬುತ್ತಾರೆ.

ರಜೆಯ ದಿನಕ್ಕೂ ಒಬ್ಬರನ್ನು ಕೂರಿಸಿ ಅಂತ ಎರಡು ಸಲ ಕೇಳಿದ್ದೇವೆ. ದುಡ್ಡಿಲ್ಲ ಅಂದಿದ್ದಾರೆ. ಸದ್ಯಕ್ಕೆ ಕೊಯ್ಲಿನ ಎರಡು ತಿಂಗಳು ಮಳೆ ಬಿದ್ದ ದಿನ ಮಾತ್ರ ನಮ್ಮಲ್ಲಿ ಒಬ್ಬರ ಫೋನಿಗೆ ಸಂದೇಶ ಬರುವ ಹಾಗೆ ಮಾಡಿಕೊಂಡಿದ್ದೇವೆ. ಅದು ನಮ್ಮೊಳಗಿನ ಒಪ್ಪಂದ, ಒಬ್ಬರು ಕೆಲಸ ಬಿಟ್ಟರೆ ಮುರಿಯುತ್ತದೆ. ಅದಕ್ಕೇ ಆ ಏರ್ಪಾಡನ್ನು ರೈತರಿಗೆ ಹೋಗುವ ಉತ್ತರದಲ್ಲಿ ಬರೆದಿಲ್ಲ.

ಶೇಂಗಾದ ಕಾಕಾ ಈಗಲೂ ಆ ನಂಬರಿಗೆ ಬರೆಯುತ್ತಾರೆ. ಮೊದಲ ಸಾಲು ಬದಲಾಗಿಲ್ಲ, ‘ಮನಿಷ್ಯಾರು ಯಾರರ ಅದೀರೇನ್ರೀ?’ ಹೋದ ತಿಂಗಳು ರಾತ್ರಿ ಎಂಟಕ್ಕೆ ಬರೆದಿದ್ದರು. ಯಾರೂ ಇಲ್ಲ, ನಾಳೆ ಹತ್ತಕ್ಕೆ ಬರುತ್ತೇವೆ ಅಂತ ಉತ್ತರ ಹೋಗಿತ್ತು. ಬೆಳಿಗ್ಗೆ ಹತ್ತೂಕಾಲಿಗೆ ಫೋನ್ ಮಾಡಿದೆವು. ‘ಏನಿಲ್ರಿ, ಬೀಜದ ರೇಟ್ ಕೇಳೋದಿತ್ತು’ ಅಂದರು. ಅದನ್ನು ಯಂತ್ರವೂ ಹೇಳುತ್ತಿತ್ತು ಕಾಕಾ, 1 ಒತ್ತಿದ್ದರೆ ರಾತ್ರಿಯೇ ಗೊತ್ತಾಗುತ್ತಿತ್ತು ಅಂದೆವು. ‘ಗೊತ್ತೈತಿ’ ಅಂದು, ಕ್ವಿಂಟಲ್‌ಗೆ ಎಷ್ಟು ಅಂತ ಕೇಳಿದರು.